ಹನ್ನೆರಡು ವರ್ಷದ ಕೆಲಸ, ಎರಡು ಪುಟ

ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ನೇಮಕಾತಿ ನನ್ನ ಹೊಣೆ. ಬಂದ ರೆಸ್ಯೂಮೆಗಳಲ್ಲಿ ಯಾವುದು ವಿಭಾಗದ ಮುಖ್ಯಸ್ಥರ ಮೇಜಿಗೆ ಹೋಗಬೇಕು ಎಂದು ಮೊದಲು ಆರಿಸುವವಳು ನಾನು. ಆ ಮೊದಲ ಸುತ್ತಿನಲ್ಲಿ ಯಾವುದನ್ನೂ ಪೂರ್ತಿ ಓದುವುದಿಲ್ಲ. ಈಗಿನ ಹುದ್ದೆ ಯಾವುದು, ಎಲ್ಲಿ ಎಷ್ಟು ವರ್ಷ, ಯಾವುದಕ್ಕೆ ಹೆಚ್ಚು ಜಾಗ ಕೊಟ್ಟಿದ್ದಾರೆ ಎಂದು ನೋಡುತ್ತೇನೆ. ನಮಗೆ ಬೇಕಾದದ್ದು ಮೊದಲ ಪುಟದ ಮೇಲರ್ಧದಲ್ಲೇ ಸಿಕ್ಕರೆ ಉಳಿದದ್ದನ್ನು ನಿಧಾನವಾಗಿ ಓದುತ್ತೇನೆ.

ಗದಗಿನ ಪರಿಚಯದ ಎಂಜಿನಿಯರ್ ಒಬ್ಬರು ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದ ಕಂಪನಿಯೊಂದರಲ್ಲಿ ಗುಣಮಟ್ಟ ವಿಭಾಗದ ಮುಖ್ಯಸ್ಥರ ಹುದ್ದೆಗೆ ಅರ್ಜಿ ಹಾಕುವ ಮುನ್ನ ತಮ್ಮ ರೆಸ್ಯೂಮೆ ತಂದು ತೋರಿಸಿದರು. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಮೂರು ವರ್ಷ ಸಿಎನ್‌ಸಿ ಲೇತ್ ಆಪರೇಟರ್, ನಾಲ್ಕು ವರ್ಷ ಇನ್‌ಸ್ಪೆಕ್ಟರ್, ಐದು ವರ್ಷ ಕ್ವಾಲಿಟಿ ಎಂಜಿನಿಯರ್. ಒಟ್ಟು ನಾಲ್ಕು ಪುಟ.

ಪುಟಗಳ ಸಂಖ್ಯೆಗಿಂತ ದೊಡ್ಡ ತೊಂದರೆ ಬೇರೆ ಇತ್ತು. ಮೂರೂ ಕೆಲಸಗಳಿಗೆ ಒಂದೊಂದು ಪುಟ ಸಮನಾಗಿ ಹಂಚಿದ್ದರು, ಅದೂ ಹಳೆಯದು ಮೊದಲು. ವರ್ನಿಯರ್, ಮೈಕ್ರೋಮೀಟರ್ ಬಳಕೆ ಮೂರು ಕಡೆ ಬಂದಿತ್ತು. ಅವರ ಕೈಕೆಳಗೆ ಆರು ಇನ್‌ಸ್ಪೆಕ್ಟರ್‌ಗಳಿದ್ದಾರೆ, ಗ್ರಾಹಕ ಕಂಪನಿಗಳ ಆಡಿಟ್ ಎದುರಿಸುವವರು ಅವರೇ ಎಂಬುದು ಮೂರನೇ ಪುಟದ ಕೊನೆಯಲ್ಲಿತ್ತು. ಅಲ್ಲಿಯವರೆಗೆ ಓದುವ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಒಬ್ಬ ಒಳ್ಳೆಯ ಇನ್‌ಸ್ಪೆಕ್ಟರ್‌ನ ಚಿತ್ರ ಗಟ್ಟಿಯಾಗಿಬಿಟ್ಟಿತ್ತು. ಯಾವ ಕೆಲಸಕ್ಕೆ ಜಾಗ ಹೆಚ್ಚೋ ಆ ಕೆಲಸದವರೆಂದೇ ಆರಿಸುವವರು ಅಭ್ಯರ್ಥಿಯನ್ನು ಗುರುತಿಸುತ್ತಾರೆ.

ಮೊದಲು ಕ್ರಮ ತಿರುಗಿಸಿದೆವು. ಈಗಿನ ಹುದ್ದೆಗೆ ಮೊದಲ ಪುಟದ ಅರ್ಧಕ್ಕೂ ಹೆಚ್ಚು ಜಾಗ ಕೊಟ್ಟೆವು. ‘ಗ್ರಾಹಕರ ದೂರುಗಳನ್ನು ನಿರ್ವಹಿಸಿದ್ದೇನೆ’ ಎಂಬ ಸಾಲನ್ನು ಹೊಡೆದುಹಾಕಿ, ಯಾವ ದೂರು ಎಂದು ಕೇಳಿದೆ. ಬುಷ್ ಎಂಬ ಕೊಳವೆಯಾಕಾರದ ಬಿಡಿಭಾಗವೊಂದರ ಒಳವ್ಯಾಸ ಆಗಾಗ ಅಳತೆ ತಪ್ಪುತ್ತಿತ್ತಂತೆ. ಲೋಹ ಕತ್ತರಿಸುವ ತುದಿಯಾದ ಟೂಲ್ ಇನ್ಸರ್ಟ್ ಸವೆದ ಮೇಲೂ ಆಪರೇಟರ್‌ಗಳು ಅದರಲ್ಲೇ ಓಡಿಸುತ್ತಿದ್ದರು. ಇಷ್ಟು ನಗಗಳಿಗೊಮ್ಮೆ ಇನ್ಸರ್ಟ್ ಬದಲಿಸಬೇಕೆಂದು ಇವರು ಗೊತ್ತುಮಾಡಿ, ಅಳತೆಯ ಏರಿಳಿತ ಗುರುತಿಸುವ ಕಂಟ್ರೋಲ್ ಚಾರ್ಟನ್ನು ಯಂತ್ರದ ಬಳಿಯೇ ಇಡಿಸಿದ್ದರು. ಅದನ್ನು ಎರಡು ಸಾಲಿನಲ್ಲಿ ಬರೆದೆವು. ದೂರುಗಳು ಎಷ್ಟು ಕಡಿಮೆಯಾದವು ಎಂಬ ಲೆಕ್ಕ ಅವರ ಬಳಿ ಇರಲಿಲ್ಲ. ಅಂದಾಜಿನ ಶೇಕಡಾವಾರು ಹಾಕಲು ನಾನು ಒಪ್ಪಲಿಲ್ಲ. ಸಂದರ್ಶನದಲ್ಲಿ ಮೊದಲ ಪ್ರಶ್ನೆ ಬರುವುದು ಅಂಥ ಅಂಕಿಯ ಮೇಲೆಯೇ.

ಇನ್‌ಸ್ಪೆಕ್ಟರ್ ಆಗಿದ್ದ ನಾಲ್ಕು ವರ್ಷ ಮೂರು ಸಾಲಿಗೆ ಇಳಿಯಿತು. ಆಪರೇಟರ್ ಕೆಲಸವನ್ನು ಪೂರ್ತಿ ತೆಗೆಯಬೇಕೆಂದು ಅವರ ಇಚ್ಛೆ. ನಾನು ಒಂದು ಸಾಲು ಉಳಿಸಿದೆ. ಯಂತ್ರ ಓಡಿಸಿ ಬಂದವರ ಮಾತನ್ನು ಶಾಪ್‌ಫ್ಲೋರ್‌ನವರು ಕೇಳುತ್ತಾರೆಂದು ವಿಭಾಗದ ಮುಖ್ಯಸ್ಥರಿಗೆ ಗೊತ್ತಿರುತ್ತದೆ. ತಂದೆಯ ಹೆಸರು, ವೈವಾಹಿಕ ಸ್ಥಿತಿ, ಎಸ್ಸೆಸ್ಸೆಲ್ಸಿ ಅಂಕಗಳ ಪಟ್ಟಿ, ಕೊನೆಯ ಘೋಷಣೆ ಇವೆಲ್ಲ ಹೋದವು.

“ಮೇಡಂ, ಇಷ್ಟೆಲ್ಲ ತೆಗೆದರೆ ಅನುಭವ ಕಡಿಮೆ ಕಾಣುವುದಿಲ್ಲವೇ?” ಎಂದು ಕೇಳಿದವರೇ ಮರುವಾರ ಎಲ್ಲವನ್ನೂ ಒಂದೇ ಪುಟಕ್ಕೆ ತುಂಬಿಕೊಂಡು ಬಂದರು. ಒಂದು ಪುಟ ಮೀರಬಾರದೆಂದು ಯಾರೋ ಹೇಳಿದ್ದರಂತೆ. ಅಕ್ಷರದ ಗಾತ್ರ 8ಕ್ಕೆ ಇಳಿದಿತ್ತು, ಅಂಚೇ ಇರಲಿಲ್ಲ. ಮುದ್ರಿಸಿ ಅವರ ಮುಂದೆಯೇ ಇಟ್ಟು, “ಆಡಿಟ್ ವಿಷಯ ಎಲ್ಲಿದೆ, ತೋರಿಸಿ” ಎಂದೆ. ಬರೆದವರಿಗೇ ಹುಡುಕಬೇಕಾಯಿತು. ಕೊನೆಗೆ 11ರ ಗಾತ್ರದಲ್ಲಿ, ಸಾಲುಗಳ ನಡುವೆ ಉಸಿರಾಡಲು ಜಾಗ ಬಿಟ್ಟು, ಎರಡು ಪುಟಕ್ಕೆ ನಿಲ್ಲಿಸಿದೆವು.

ಒಂದು ಪುಟದ ಮಾತು ಸರಿಹೊಂದುವುದು ಈಗಷ್ಟೇ ಓದು ಮುಗಿಸಿದವರಿಗೆ. ನಮ್ಮ ಭಾಗದ ಕಾಲೇಜುಗಳಿಂದ ಬರುವ ಎಷ್ಟೋ ರೆಸ್ಯೂಮೆಗಳಲ್ಲಿ ಗುರಿ, ಹವ್ಯಾಸ, ಕಾರ್ಯಾಗಾರಗಳ ಪಟ್ಟಿ ಸೇರಿ ಮೂರು ಪುಟ ತುಂಬಿರುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಶೀರ್ಷಿಕೆ ಮಾತ್ರ. ನಾಲ್ವರ ಗುಂಪಿನಲ್ಲಿ ಅರ್ಜಿ ಹಾಕಿದವರು ಮಾಡಿದ್ದೇನು ಎಂಬ ಐದು ಸಾಲು ನನಗೆ ಬೇಕು. ಪುಟದ ಕೆಳಗೆ ಖಾಲಿ ಜಾಗ ಉಳಿದರೆ ಯಾರೂ ಅಂಕ ಕಳೆಯುವುದಿಲ್ಲ. ವಿಶ್ವವಿದ್ಯಾಲಯದ ಬೋಧಕ ಹುದ್ದೆಗಳ ರೀತಿಯೇ ಬೇರೆ. ಅಲ್ಲಿ ಪ್ರಕಟಣೆಗಳ ಪೂರ್ಣ ಪಟ್ಟಿ ಕೇಳುತ್ತಾರೆ, ಪುಟ ಬೆಳೆಯಲೇಬೇಕು.

ಗದಗಿನವರು ಆಮೇಲೆ ಪೂರೈಕೆದಾರರ ಗುಣಮಟ್ಟ ನೋಡುವ ಹುದ್ದೆಯೊಂದಕ್ಕೂ ಅರ್ಜಿ ಹಾಕಿದರು. ಅದಕ್ಕಾಗಿ ಇನ್‌ಸ್ಪೆಕ್ಟರ್ ದಿನಗಳನ್ನು ಮತ್ತೆ ಹಿಗ್ಗಿಸಿದೆವು, ಏಕೆಂದರೆ ಬೆಳಗಾವಿಯ ಫೌಂಡ್ರಿಗಳಿಗೆ ಹೋಗಿ ಎರಕದ ದೋಷಗಳನ್ನು ಪರೀಕ್ಷಿಸಿದ್ದು ಆಗಲೇ. ಆರು ಜನರ ತಂಡದ ವಿವರ ಒಂದು ಸಾಲಿಗೆ ಇಳಿಯಿತು. ಪುಟ ಎರಡೇ ಉಳಿದವು.