ಕಾಫಿ ಹೂವಿನ ಎರಡು ದಿನ: ನಿರ್ಮಾಪಕರೂ ನಾನೂ ನಿರ್ಧಾರಗಳನ್ನು ಹಂಚಿಕೊಂಡ ಬಗೆ

ಸಕಲೇಶಪುರದ ಕಡೆಯ ಒಂದು ರೊಬಸ್ಟಾ ತೋಟದಲ್ಲಿ ಸಣ್ಣ ಬಜೆಟ್ಟಿನ ಕನ್ನಡ ಚಿತ್ರವೊಂದಕ್ಕೆ ನಾನು ಲೈನ್ ಪ್ರೊಡ್ಯೂಸರ್ ಆಗಿದ್ದೆ. ನಿರ್ಮಾಪಕರು ಹಾಸನದವರು, ಬಿತ್ತನೆ ಆಲೂಗಡ್ಡೆಯ ವ್ಯಾಪಾರಿ. ಸಿನಿಮಾ ಅವರಿಗೆ ಹೊಸದು, ಲೆಕ್ಕ ಹೊಸದಲ್ಲ. ಒಟ್ಟು 85 ಲಕ್ಷದ ಬಜೆಟ್, ಅದರಲ್ಲಿ 7 ಲಕ್ಷ ಆಪತ್ತಿಗೆಂದು ತೆಗೆದಿಟ್ಟ ಹಣ.

ಆರಂಭದಲ್ಲಿ ನಮ್ಮ ನಡುವಿನ ಹಂಚಿಕೆ ಸುಲಭವಾಗಿ ಆಗಿತ್ತು. ಹಣ ಹೊಂದಿಸುವುದು, ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಶೀರ್ಷಿಕೆ ನೋಂದಣಿ, ನಿರ್ದೇಶಕರ ಮತ್ತು ಮುಖ್ಯ ಕಲಾವಿದರ ಒಪ್ಪಂದ, ಮುಂದೆ ಸೆನ್ಸಾರ್, ಹಕ್ಕುಗಳ ಮಾರಾಟ, ಬಿಡುಗಡೆ ಇವೆಲ್ಲ ಅವರದು. ಚಿತ್ರಕಥೆಯನ್ನು ದೃಶ್ಯವಾರು ಬಿಡಿಸಿ ಶೆಡ್ಯೂಲ್ ಹಾಕುವುದು, ತಂತ್ರಜ್ಞರನ್ನು ಗೊತ್ತುಮಾಡುವುದು, ಜಾಗ, ವಾಹನ, ಊಟ, ವಸತಿ, ದಿನಭತ್ಯೆಯ ಬಾಟಾ ಮತ್ತು ಪ್ರತಿ ರಾತ್ರಿ ಆ ದಿನದ ಖರ್ಚಿನ ಪಟ್ಟಿಯನ್ನು ಅವರಿಗೆ ಕಳಿಸುವುದು ನನ್ನದು. ಬಜೆಟ್ಟಿನ ಒಂದು ಬಾಬ್ತಿನಿಂದ ಇನ್ನೊಂದಕ್ಕೆ 25,000 ರೂಪಾಯಿವರೆಗೆ ನಾನೇ ಹಣ ಸರಿಸಬಹುದು, ಅದಕ್ಕಿಂತ ಹೆಚ್ಚಾದರೆ ಫೋನ್ ಮಾಡಬೇಕು, ಆಪತ್ತಿನ ಹಣವನ್ನು ಮಾತ್ರ ಅವರ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ. ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದ್ದೆವು. ಆ ಹಾಳೆಯಲ್ಲಿ ಏನು ಬಿಟ್ಟುಹೋಗಿತ್ತು ಎಂಬುದು ಕಾಫಿ ಹೂ ಬಿಡುವ ಹೊತ್ತಿಗೆ ತಿಳಿಯಿತು.

ಕೊನೆಯ ದೃಶ್ಯದಲ್ಲಿ ನಾಯಕಿ ಹೂಬಿಟ್ಟ ಕಾಫಿ ಸಾಲುಗಳ ನಡುವೆ ನಡೆದು ಬರಬೇಕಿತ್ತು. ಕಾಫಿ ಹೂ ನಮ್ಮ ಕಾಲ್‌ಶೀಟ್ ನೋಡಿ ಅರಳುವುದಿಲ್ಲ. ಮೊಗ್ಗಿಗೆ ನೀರು ಬಿದ್ದು ಎಂಟು ಹತ್ತು ದಿನಕ್ಕೆ ಬೆಳಗಿನ ಜಾವ ಒಮ್ಮೆಲೇ ಬಿರಿದು, ಎರಡು ಮೂರು ದಿನಗಳಲ್ಲಿ ಕಂದಿಹೋಗುತ್ತದೆ. ಹೂ ಬಿಡಿಸುವ ಮಳೆಯನ್ನು ನಂಬಿದರೆ ದಿನಾಂಕವನ್ನೇ ಹೇಳಲಾಗದು. ಆದರೆ ತೋಟದ ಗೌಡರು ಫೆಬ್ರವರಿ ಕೊನೆಗೆ ಒಂದು ಭಾಗಕ್ಕೆ ಸ್ಪ್ರಿಂಕ್ಲರ್ ಹಾಕಿ ನೀರು ಕೊಡುವವರಿದ್ದರು. ನೀರು ಕೊಟ್ಟ ದಿನ ಗೊತ್ತಾದರೆ ಹೂವಿನ ದಿನವೂ ಒಂದು ದಿನದ ಆಚೀಚೆಯಲ್ಲಿ ಸಿಕ್ಕಿಬಿಡುತ್ತದೆ.

ನಾನು ಹೀಗೆ ಲೆಕ್ಕ ಹಾಕಿದೆ. 55 ಜನರ ಪೂರ್ತಿ ಯೂನಿಟ್ ದಿನಕ್ಕೆ 1.6 ಲಕ್ಷ ತಿನ್ನುತ್ತದೆ, ಅದನ್ನು ಹೂವಿಗಾಗಿ ಕಾಯಿಸುವ ಮಾತೇ ಇಲ್ಲ. ಮುಖ್ಯ ಶೆಡ್ಯೂಲ್ ಮುಗಿಸಿ ಎಲ್ಲರನ್ನೂ ಕಳಿಸಿ, 14 ಜನರ ಸಣ್ಣ ತಂಡದೊಂದಿಗೆ ಎರಡು ದಿನಕ್ಕೆ ಮರಳಿ ಬಂದರೆ ದಿನಕ್ಕೆ 55,000. ಹೂ ಒಂದು ದಿನ ತಡವಾದರೆಂದು ಸುಮ್ಮನೆ ಕೂರುವ ಒಂದು ದಿನಕ್ಕೆ 40,000. ಒಟ್ಟು ಒಂದೂವರೆ ಲಕ್ಷ. ಹೇಗೆ ಮಾಡಬೇಕು, ಎಷ್ಟಕ್ಕೆ ಆಗುತ್ತದೆ ಎಂಬುದು ನನ್ನ ಕೆಲಸ, ಅಲ್ಲಿಯವರೆಗೆ ನಾನು ಸರಿಯಾಗಿಯೇ ಇದ್ದೆ.

ತಪ್ಪಿದ್ದು ಗೌಡರ ಕಣದಲ್ಲಿ. ಒಣಗಲು ಹರಡಿದ್ದ ಚೆರ್ರಿಯನ್ನು ಆಳುಗಳು ಎಳೆಯುತ್ತಿದ್ದರು. ಗೌಡರು ಒಂದು ಹಿಡಿ ಕೈಗೆತ್ತಿಕೊಂಡು, "ಹೂವಿನ ಹೊತ್ತಿನಲ್ಲಿ ನಾವೇ ತೋಟಕ್ಕೆ ಆಳು ಬಿಡುವುದಿಲ್ಲ. ನಿಮ್ಮವರು ಓಡಾಡಿ ಹೂ ಉದುರಿ ಕಾಯಿ ಕಚ್ಚದಿದ್ದರೆ ಯಾರನ್ನು ಕೇಳಲಿ?" ಎಂದರು. "ನಾವು ನೋಡಿಕೊಳ್ಳುತ್ತೇವೆ ಗೌಡರೇ" ಎಂದುಬಿಟ್ಟೆ. ಆ ರಾತ್ರಿಯ ಪಟ್ಟಿಯಲ್ಲಿ ಒಂದೂವರೆ ಲಕ್ಷವನ್ನು ಬರೆದೆ, ಈ ಮಾತನ್ನು ಬರೆಯಲಿಲ್ಲ. ಅದರಲ್ಲಿ ರೂಪಾಯಿಯ ಅಂಕೆ ಇರಲಿಲ್ಲವಲ್ಲ.

ಮರುದಿನ ಬಾಯಿಮಾತಿಗೆ ಈ ವಿಷಯ ಹೇಳಿದಾಗ ನಿರ್ಮಾಪಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಖರ್ಚು ಮಾಡುವುದು ನಿಮ್ಮ ಕೆಲಸ, ಸಾಲ ಮಾಡುವುದು ನನ್ನದು. ನೀವು ನಿನ್ನೆ ನನ್ನ ಹೆಸರಿನಲ್ಲಿ ಸಾಲ ಮಾಡಿ ಬಂದಿದ್ದೀರಿ, ಎಷ್ಟೆಂದು ನಿಮಗೂ ಗೊತ್ತಿಲ್ಲ" ಎಂದರು.

ನಮ್ಮ ಹಾಳೆಯಲ್ಲಿ ಬಿಟ್ಟುಹೋದದ್ದು ಇದೇ. ನಾವು ಮೊತ್ತವನ್ನು ನೋಡಿ ಗೆರೆ ಎಳೆದಿದ್ದೆವು. 20,000 ರೂಪಾಯಿಯ ಜನರೇಟರ್ ಬಾಡಿಗೆಗೆ ಕೊನೆ ಇದೆ, ಕೊಟ್ಟರೆ ಮುಗಿಯಿತು. ಒಂದು ಪೈಸೆಯೂ ಕೈಬಿಡದ "ನೋಡಿಕೊಳ್ಳುತ್ತೇವೆ"ಗೆ ಕೊನೆಯಿಲ್ಲ. ಕಲಾವಿದರಿಗೆ ಕೊಡುವ ಹೆಚ್ಚುವರಿ ದಿನಾಂಕದ ಭರವಸೆ, ಪೋಸ್ಟರಿನಲ್ಲಿ ಹೆಸರು ಎಲ್ಲಿ ಬರುತ್ತದೆಂಬ ಮಾತು, ಹಾನಿ ಭರಿಸುವ ಒಪ್ಪಿಗೆ ಎಲ್ಲವೂ ಇದೇ ಜಾತಿಯವು. ಅಂದೇ ಹಾಳೆಗೆ ಒಂದು ಸಾಲು ಸೇರಿಸಿದೆವು: ಕೊನೆಯ ಮೊತ್ತವನ್ನು ಇಂದೇ ಹೇಳಲಾಗದ ಯಾವ ಮಾತನ್ನೂ ಲೈನ್ ಪ್ರೊಡ್ಯೂಸರ್ ಕೊಡುವಂತಿಲ್ಲ.

ನಂತರ ಇಬ್ಬರೂ ಗೌಡರ ಬಳಿಗೆ ಹೋದೆವು. ಮಾತನಾಡಿದ್ದು ನಿರ್ಮಾಪಕರು. ಎರಡು ಸಾಲು, 60 ಗಿಡ, ಅದರಾಚೆ ಯಾರೂ ಕಾಲಿಡುವುದಿಲ್ಲ. ಆ ಗಿಡಗಳು ಪೂರ್ತಿ ಕೈಕೊಟ್ಟರೂ ಮೂರು ಮೂಟೆ ಚೆರ್ರಿಯ ಬೆಲೆ, ಹೆಚ್ಚೆಂದರೆ 30,000 ರೂಪಾಯಿ. ಕಾಯಿ ಕಚ್ಚಿದ್ದನ್ನು ನೋಡಿದ ಮೇಲೆ ತೀರ್ಮಾನ. ಕೊನೆಯಿಲ್ಲದ ಮಾತಿಗೆ ಹೀಗೆ ಒಂದು ಕೊನೆ ಸಿಕ್ಕಿತು, ದೃಶ್ಯದ ವೆಚ್ಚ 1.8 ಲಕ್ಷವಾಯಿತು.

ಆ ದೃಶ್ಯ ಬೇಕೇ ಬೇಡವೇ ಎಂಬುದು ಮಾತ್ರ ನನ್ನದಾಗಿರಲಿಲ್ಲ. ಆಪತ್ತಿನ ಹಣದಲ್ಲಿ ಆಗಲೇ ಎರಡೂವರೆ ಲಕ್ಷ ಹೋಗಿತ್ತು, ಡಬ್ಬಿಂಗ್, ಸೌಂಡ್ ಮಿಕ್ಸಿಂಗ್, ಬಣ್ಣ ಹೊಂದಿಸುವ ಡಿ.ಐ. ಇನ್ನೂ ಮುಂದಿದ್ದವು. ಚಿತ್ರೀಕರಣ ಮುಗಿದ ಮೇಲೆ ನಾನು ಇರುವುದಿಲ್ಲ, ಉಳಿದ ಹಣದಲ್ಲಿ ಚಿತ್ರವನ್ನು ತೆರೆಗೆ ತರಬೇಕಾದವರು ಅವರು. ನಿರ್ದೇಶಕರ ಜೊತೆ ಒಂದು ಸಂಜೆ ಕೂತು, ಹೂವಿನ ದೃಶ್ಯ ಇರಲಿ, ಬದಲಿಗೆ ಹಾಸನ ಬಸ್ ನಿಲ್ದಾಣದ ರಾತ್ರಿಯ ದೃಶ್ಯ ಹೋಗಲಿ ಎಂದು ಅವರು ನಿರ್ಧರಿಸಿದರು. ನನಗೆ ಆ ರಾತ್ರಿಯ ದೃಶ್ಯ ತುಂಬಾ ಇಷ್ಟವಾಗಿತ್ತು. ಕೇಳಿದಾಗ ಹೇಳಿದೆ, ನಿರ್ಧಾರವಾದ ಮೇಲೆ ಮತ್ತೆ ಎತ್ತಲಿಲ್ಲ.

ನೀರು ಕೊಟ್ಟ ಎಂಟನೆಯ ಬೆಳಗ್ಗೆ ಹೂ ಅರಳಿತು. ಬೆಳಕು ಹರಿಯುವ ಮೊದಲೇ ಮಲ್ಲಿಗೆಯಂಥ ಪರಿಮಳ ತೋಟವಿಡೀ ತುಂಬಿ, ಬಿಸಿಲೇರುತ್ತಿದ್ದಂತೆ ಜೇನುಹುಳುಗಳ ಝೇಂಕಾರ ಶುರುವಾಯಿತು. ಛಾಯಾಗ್ರಾಹಕರು ಮಂಜಿನ ಭಾವ ಬರಲೆಂದು ಹೊಗೆಯ ಯಂತ್ರ ತರಿಸಿಕೊಂಡಿದ್ದರು. ನಾನು ಬೇಡವೆಂದೆ. ರೊಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಬೇರೆ ಗಿಡದ ಪರಾಗವನ್ನು ಗಾಳಿಯೋ ಜೇನೋ ತಂದುಕೊಡಬೇಕು. ಹೊಗೆಯಿಟ್ಟು ಹುಳು ಓಡಿಸಿದರೆ ಆ 60 ಗಿಡಗಳ ಗೆರೆ ಅಲ್ಲಿಗೇ ಅಳಿಸಿಹೋಗುತ್ತದೆ.

ಛಾಯಾಗ್ರಾಹಕರು ನೇರವಾಗಿ ನಿರ್ಮಾಪಕರಿಗೆ ಫೋನ್ ಮಾಡಿದರು. ಸಣ್ಣ ಚಿತ್ರಗಳು ಕೆಡುವುದನ್ನು ನಾನು ಹೆಚ್ಚಾಗಿ ಕಂಡಿರುವುದು ಇಲ್ಲೇ. ಹಣ ಹಾಕಿದವರು ಅಲ್ಲಿಂದಲೇ ಒಮ್ಮೆ "ಆಗಲಿ" ಎಂದುಬಿಟ್ಟರೆ, ಅಂದು ಮಧ್ಯಾಹ್ನದಿಂದಲೇ ಲೈಟ್ ಬಾಯ್ ಸಹಿತ ಯಾರೂ ಲೈನ್ ಪ್ರೊಡ್ಯೂಸರನ ಮಾತು ಕೇಳುವುದಿಲ್ಲ. ನಮ್ಮ ನಿರ್ಮಾಪಕರು ಕೇಳಿದ್ದು ಒಂದೇ ಮಾತು: "ಅಲ್ಲಿ ಅವರು ಏನು ಹೇಳಿದರು?" ಬೇಡವೆಂದರು ಎಂಬ ಉತ್ತರ ಬಂದಾಗ, "ಹಾಗಾದರೆ ಬೇಡ" ಎಂದು ಫೋನ್ ಇಟ್ಟರು. ಸಂಜೆ ನನ್ನೊಬ್ಬನಿಗೇ ಕರೆ ಮಾಡಿ ಕಾರಣವನ್ನೆಲ್ಲ ವಿವರವಾಗಿ ಕೇಳಿ ತಿಳಿದುಕೊಂಡರು.

ಎರಡನೆಯ ದಿನ ಹನ್ನೊಂದರ ಹೊತ್ತಿಗೆ ಹೂವಿನ ಬಿಳುಪು ಕಂದತೊಡಗಿತು, ಅಷ್ಟರಲ್ಲಿ ದೃಶ್ಯ ಮುಗಿದಿತ್ತು. ತೋಟದ ಅಂಚಿನಲ್ಲಿ ಕುಂಬಳಕಾಯಿ ಒಡೆದೆವು. ಸುಮ್ಮನೆ ಕೂರುವ ದಿನದ 40,000 ಉಳಿದು ಆಪತ್ತಿನ ಹಣಕ್ಕೆ ಮರಳಿತು. ಗೌಡರ 30,000ವನ್ನು ಮಾತ್ರ ಲೆಕ್ಕದಲ್ಲಿ ಹಾಗೆಯೇ ಇರಿಸಿದೆವು. ಕೆಲವು ತಿಂಗಳ ನಂತರ ನಿರ್ಮಾಪಕರೂ ನಾನೂ ಹೋಗಿ ಆ ಎರಡು ಸಾಲುಗಳನ್ನು ಗೌಡರೊಂದಿಗೆ ನಡೆದು ನೋಡಿದೆವು. ದಾರಿಯಂಚಿನ ನಾಲ್ಕು ಗಿಡಗಳಲ್ಲಿ ಕಾಯಿ ತೆಳುವಾಗಿತ್ತು, ಉಳಿದವುಗಳಲ್ಲಿ ಗೊಂಚಲು ತುಂಬಿತ್ತು. ಗೌಡರು 2,000 ರೂಪಾಯಿ ಸಾಕೆಂದರು. ನಿರ್ಮಾಪಕರು ಒಪ್ಪಿದರು, ನಾನು ಹಣ ಎಣಿಸಿಕೊಟ್ಟು ರಸೀದಿ ಬರೆಸಿಕೊಂಡೆ.