ಕೈ ಎತ್ತದೆ ಕೂಗುವ ಹುಡುಗ: ಮೆಚ್ಚುಗೆಯನ್ನು ಎಷ್ಟು ಸಲಕ್ಕೊಮ್ಮೆ ಕೊಡಬೇಕು?

ಪ್ರಶ್ನೆ ಕೇಳಿ ಮುಗಿಸುವ ಮೊದಲೇ ಮೂರನೇ ಬೆಂಚಿನಿಂದ ಉತ್ತರ ಬಂದುಬಿಡುತ್ತದೆ. ಕೈ ಎತ್ತಿದ್ದ ಮಕ್ಕಳು ಮೆಲ್ಲಗೆ ಕೈ ಇಳಿಸುತ್ತಾರೆ. "ಕೈ ಎತ್ತಿ ಹೇಳಪ್ಪ" ಎಂದು ಟೀಚರ್ ನೂರು ಸಲ ಹೇಳಿದ್ದಾಗಿದೆ, ಬೈದದ್ದೂ ಆಗಿದೆ. ಹುಡುಗ ಕೂಗುತ್ತಲೇ ಇದ್ದಾನೆ.

ಇವನಿಗೆ ಶಿಸ್ತಿಲ್ಲ ಎಂದು ಕೈಬಿಡುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಕೂಗಿದಾಗ ಅವನಿಗೆ ಏನು ಸಿಗುತ್ತಿದೆ? ಎಷ್ಟು ಸಲ ಕೂಗಿದರೆ ಒಮ್ಮೆ ಸಿಗುತ್ತಿದೆ? ಮೊದಲನೆಯದನ್ನು ಅನೇಕ ಶಿಕ್ಷಕರು ಯೋಚಿಸಿರುತ್ತಾರೆ. ಎರಡನೆಯದನ್ನು ಯೋಚಿಸುವವರು ಕಡಿಮೆ, ಆದರೆ ಬೀಗದ ಕೈ ಇರುವುದು ಅಲ್ಲೇ.

ಒಂದು ವರ್ತನೆಯ ಬೆನ್ನಿಗೇ ಬರುವ ಫಲದಿಂದ ಆ ವರ್ತನೆ ಹೆಚ್ಚಾದರೆ ಆ ಫಲವನ್ನು ಪುನರ್ಬಲನ ಎನ್ನುತ್ತಾರೆ. ಹೀಗೆ ಫಲಗಳಿಂದ ವರ್ತನೆ ರೂಪುಗೊಳ್ಳುವ ಬಗೆಗೆ ಕ್ರಿಯಾಜನ್ಯ ಅನುಬಂಧನ ಎಂದು ಹೆಸರು. ಇದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ತಮ್ಮ ಇಲಿಗಳಿಗೆ ಕೊಡುವ ಆಹಾರದ ಗುಳಿಗೆಗಳನ್ನು ಆರಂಭದ ದಿನಗಳಲ್ಲಿ ತಾವೇ ತಯಾರಿಸುತ್ತಿದ್ದರು. ಒಂದು ಶನಿವಾರ ಮಧ್ಯಾಹ್ನ ಲೆಕ್ಕ ಹಾಕಿದಾಗ, ಇರುವ ಗುಳಿಗೆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಮುಗಿದುಹೋಗುತ್ತದೆ ಎಂದು ತಿಳಿಯಿತು. ಇಲಿ ಪೆಟ್ಟಿಗೆಯೊಳಗಿನ ಸನ್ನೆಕೋಲನ್ನು ಒತ್ತಿದಾಗಲೆಲ್ಲ ಗುಳಿಗೆ ಏಕೆ ಕೊಡಬೇಕು, ನಿಮಿಷಕ್ಕೊಂದು ಸಾಲದೇ ಎಂದುಕೊಂಡು ಹಾಗೇ ಮಾಡಿದರು. ಇಲಿಗಳು ಒತ್ತುವುದನ್ನು ಬಿಡಲಿಲ್ಲ. ಫಲ ಎಂಥದು ಎಂಬುದರಷ್ಟೇ ಅದು ಯಾವ ಲೆಕ್ಕದಲ್ಲಿ ಬರುತ್ತದೆ ಎಂಬುದೂ ಮುಖ್ಯ ಎಂಬ ವಿಚಾರ ಅಲ್ಲಿಂದ ಬೆಳೆಯಿತು. 1957ರಲ್ಲಿ ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ ಈ ಲೆಕ್ಕಗಳ ಬಗ್ಗೆಯೇ ಒಂದು ದೊಡ್ಡ ಗ್ರಂಥ ಪ್ರಕಟಿಸಿದರು.

ನಮಗೆ ಇಲ್ಲಿ ಬೇಕಾಗಿರುವುದು ಅದರಲ್ಲಿನ ಎರಡೇ ಸಂಗತಿ. ಪ್ರತಿ ಸಲವೂ ಫಲ ಸಿಕ್ಕರೆ ಹೊಸ ವರ್ತನೆ ಬೇಗ ಕಲಿತುಬರುತ್ತದೆ, ಫಲ ನಿಂತರೆ ಅಷ್ಟೇ ಬೇಗ ಬಿಟ್ಟುಹೋಗುತ್ತದೆ. ಯಾವಾಗ ಸಿಗುತ್ತದೆಂದು ಹೇಳಲಾಗದ ಹಾಗೆ, ಕೆಲವು ಸಲಕ್ಕೊಮ್ಮೆ ಸಿಕ್ಕರೆ ಆ ವರ್ತನೆ ಗಟ್ಟಿಯಾಗಿ ಕೂರುತ್ತದೆ, ಫಲ ನಿಂತ ಮೇಲೂ ಬಹಳ ಕಾಲ ಉಳಿಯುತ್ತದೆ. ಈ ಎರಡನೆಯದಕ್ಕೆ ಚರ ಅನುಪಾತ ಎಂದು ಹೆಸರು.

ಮೊದಲು ಎಣಿಸಿ

ನಾಲ್ಕನೇ ತರಗತಿಯ ಒಬ್ಬ ಹುಡುಗನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. "ತರಗತಿಯಲ್ಲಿ ಗಲಾಟೆ ಮಾಡುತ್ತಾನೆ" ಎಂದು ಬರೆದುಕೊಂಡರೆ ಎಣಿಸಲಾಗುವುದಿಲ್ಲ. "ಟೀಚರ್ ಹೆಸರು ಕರೆಯುವ ಮೊದಲೇ ಎಲ್ಲರಿಗೂ ಕೇಳುವಂತೆ ಉತ್ತರ ಹೇಳುತ್ತಾನೆ" ಎಂದು ಬರೆದುಕೊಂಡರೆ ಎಣಿಸಬಹುದು. ಐದು ದಿನ, ದಿನಕ್ಕೆ ಒಂದೇ ಪೀರಿಯಡ್‌ನ 30 ನಿಮಿಷ, ಏನನ್ನೂ ಬದಲಾಯಿಸದೆ ಕಾಗದದ ಮೇಲೆ ಗೀಟು ಹಾಕುತ್ತಾ ಹೋಗಿ. 14, 17, 12, 16, 16 ಎಂದು ಬಂತೆನ್ನಿ. ಒಟ್ಟು 75, ದಿನಕ್ಕೆ ಸರಾಸರಿ 15. ಕೈ ಎತ್ತಿ ಕಾದದ್ದು ದಿನಕ್ಕೆ ಎರಡೋ ಮೂರೋ.

ಅದೇ ಹಾಳೆಯಲ್ಲಿ ಇನ್ನೊಂದನ್ನೂ ಗುರುತು ಹಾಕಿಕೊಳ್ಳಿ: ಅವನು ಕೂಗಿದ ಮೇಲೆ ನೀವು ಏನು ಮಾಡಿದಿರಿ? ತಪ್ಪದೆ ಕಾಣುವ ಸಂಗತಿ ಇದು. 15ರಲ್ಲಿ ನಾಲ್ಕು ಸಲ ನೀವು "ಹೌದು, ಸರಿ" ಎಂದು ಅವನ ಉತ್ತರವನ್ನೇ ತೆಗೆದುಕೊಂಡು ಪಾಠ ಮುಂದುವರಿಸಿರುತ್ತೀರಿ. ಸಮಯ ಇರಲಿಲ್ಲ, ಉತ್ತರವೂ ಸರಿಯಾಗಿತ್ತು. ಅಂದರೆ ಸುಮಾರು ನಾಲ್ಕು ಕೂಗಿಗೆ ಒಂದು ಫಲ, ಅದೂ ಯಾವ ಕೂಗಿಗೆ ಎಂದು ಮೊದಲೇ ಗೊತ್ತಾಗದ ಹಾಗೆ. ಆ ಹುಡುಗನಿಗೆ ಕೂಗುವುದನ್ನು ಚರ ಅನುಪಾತದಲ್ಲಿ ಕಲಿಸುತ್ತಿದ್ದವರು ನಾವೇ. ಇದನ್ನು ದೋಷಾರೋಪಣೆಯಾಗಿ ಹೇಳುತ್ತಿಲ್ಲ. ತರಗತಿ ತುಂಬ ಮಕ್ಕಳಿರುವಾಗ ಎಲ್ಲರಿಗೂ ಹೀಗೇ ಆಗುತ್ತದೆ.

ಉಳಿದ ಹನ್ನೊಂದು ಸಲ ಬೈದಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಟೀಚರ್ ತನ್ನ ಕಡೆ ತಿರುಗಬೇಕು ಎಂಬ ಹಂಬಲ ಇರುವ ಮಗುವಿಗೆ ಬೈಗುಳವೂ ಫಲವೇ. ಬೈದ ಮೇಲೆ ಕೂಗು ಕಡಿಮೆಯಾಗದಿದ್ದರೆ, ಹೆಸರಿಗೆ ಅದು ಶಿಕ್ಷೆ, ನಡೆಯುತ್ತಿರುವುದು ಪುನರ್ಬಲನವೇ ಇರಬಹುದು.

ಹಳೇ ಬಾಗಿಲು ಮುಚ್ಚಿ, ಹೊಸದನ್ನು ತೆರೆಯಿರಿ

ಎರಡೂ ಒಂದೇ ದಿನ ಆಗಬೇಕು. ಬೆಳಿಗ್ಗೆ ಹುಡುಗನಿಗೆ ನೇರವಾಗಿ ಹೇಳಿ: "ನೀನು ಕೈ ಎತ್ತಿದರೆ ನಾನು ನೋಡ್ತೀನಿ. ಕೂಗಿದರೆ ಆ ಉತ್ತರ ತಗೊಳ್ಳಲ್ಲ." ಗುಟ್ಟು ಮಾಡಬೇಕಾದ ಯೋಜನೆ ಇದಲ್ಲ. ಆಮೇಲೆ ಕೂಗಿಗೆ ಉತ್ತರ ಇಲ್ಲ, ನೋಟ ಇಲ್ಲ, ಬೈಗುಳವೂ ಇಲ್ಲ.

ಮೊದಲ ಎರಡು ಮೂರು ದಿನ ಕೂಗು ಹೆಚ್ಚಾಗಬಹುದು. 15 ಇದ್ದದ್ದು 22ಕ್ಕೆ ಏರಬಹುದು, ದನಿಯೂ ಜೋರಾಗಬಹುದು. ಇಷ್ಟು ದಿನ ಸಿಗುತ್ತಿದ್ದದ್ದು ನಿಂತಾಗ ವರ್ತನೆ ಒಮ್ಮೆ ಉಕ್ಕಿ ಆಮೇಲೆ ಇಳಿಯುವುದು ಪ್ರಯೋಗಗಳಲ್ಲಿ ಮತ್ತೆ ಮತ್ತೆ ಕಂಡಿರುವ ಸಂಗತಿ. ಪ್ರಯತ್ನ ಮುರಿದುಬೀಳುವುದು ಹೆಚ್ಚಾಗಿ ಇಲ್ಲೇ. ಮೂರನೇ ದಿನ ಸೋತು "ಸರಿ, ಹೇಳು" ಎಂದುಬಿಟ್ಟರೆ ಹುಡುಗ ಕಲಿಯುವುದು ಇಷ್ಟು: ಇನ್ನೂ ಜೋರಾಗಿ, ಇನ್ನೂ ಹೆಚ್ಚು ಸಲ ಕೂಗಬೇಕು. ಮೂರು ದಿನ ತಡೆದುಕೊಳ್ಳುವ ಸ್ಥಿತಿಯಲ್ಲಿ ನೀವಿಲ್ಲದಿದ್ದರೆ, ಪರೀಕ್ಷೆಯೋ ವಾರ್ಷಿಕೋತ್ಸವವೋ ಹತ್ತಿರವಿದ್ದರೆ, ಈ ವಾರ ಶುರು ಮಾಡಲೇಬೇಡಿ.

ಇನ್ನು ಹೊಸ ಬಾಗಿಲು. ಕೈ ಎತ್ತಿದ ಪ್ರತಿ ಸಲವೂ, ಒಂದನ್ನೂ ಬಿಡದೆ, ತಕ್ಷಣ ಅವನ ಹೆಸರು ಕರೆಯಿರಿ. "ಕೈ ಎತ್ತಿ ಕಾದೆ, ಈಗ ಹೇಳು" ಎನ್ನಿ. ಬರೀ "ಗುಡ್ ಬಾಯ್" ಎಂದರೆ ಯಾವುದಕ್ಕೆ ಹೊಗಳಿದರು ಎಂದು ಮಗುವಿಗೆ ತಿಳಿಯುವುದಿಲ್ಲ. ಪೀರಿಯಡ್ ಮುಗಿದ ಮೇಲೆ ಹೊಗಳಿದರೆ ತಡವಾಯಿತು.

ಆದರೆ ಅವನ ಕೈ ಏಳುವ ರೀತಿಯನ್ನು ಹತ್ತಿರದಿಂದ ನೋಡಿ. ಕೈ ಮೇಲೇಳುವುದೂ ಬಾಯಿ ತೆರೆಯುವುದೂ ಒಟ್ಟಿಗೇ ಆಗುತ್ತದೆ. ಕೈ ಇನ್ನೂ ಕಿವಿಯ ಹತ್ತಿರ ಇರುವಾಗಲೇ ಉತ್ತರದ ಅರ್ಧ ಹೊರಗೆ ಬಂದಿರುತ್ತದೆ. ಇವನಿಂದ ಮೊದಲ ದಿನವೇ ಪೂರ್ತಿ ಮೌನ ನಿರೀಕ್ಷಿಸಿದರೆ ಹೊಗಳಲು ಅವಕಾಶವೇ ಸಿಗುವುದಿಲ್ಲ. ಕೈ ಮೇಲಿದ್ದು ಬಾಯಿ ಮುಚ್ಚಿರುವ ಒಂದೇ ಕ್ಷಣ ಸಿಕ್ಕರೂ ಅಲ್ಲಿ ಹಿಡಿಯಿರಿ, ಹೆಸರು ಕರೆಯಿರಿ. ಅದು ಸಲೀಸಾದ ಮೇಲೆ ಎರಡು ಸೆಕೆಂಡ್ ಕಾದ ಮೇಲಷ್ಟೇ ಕರೆಯಿರಿ, ಆಮೇಲೆ ಐದು. ಗುರಿಗೆ ಹತ್ತಿರವಾಗುವ ಒಂದೊಂದು ಹೆಜ್ಜೆಯನ್ನೂ ಹೀಗೆ ಬಲಪಡಿಸುತ್ತಾ ಹೋಗುವುದಕ್ಕೇ ವರ್ತನೆಯನ್ನು ರೂಪಿಸುವುದು ಎನ್ನುವುದು.

ಲೆಕ್ಕವನ್ನು ತೆಳುವಾಗಿಸುವುದು

ಸತತ ಮೂರು ನಾಲ್ಕು ದಿನ ಕೈ ಎತ್ತಿದ್ದು ಕೂಗಿದ್ದಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು. ಪ್ರತಿ ಸಲ ಅವನನ್ನೇ ಕರೆಯುತ್ತಿದ್ದರೆ ಬೇರೆ ಮಕ್ಕಳಿಗೆ ಅನ್ಯಾಯ. ಹಾಗೆಂದು ಒಮ್ಮೆಲೇ ನಿಲ್ಲಿಸಿದರೆ ಕೂಗು ಮರಳುತ್ತದೆ.

ಒಂದು ಸಣ್ಣ ಚೀಟಿಯಲ್ಲಿ 1, 3, 5, 2, 4 ಎಂದು ಬರೆದು ಮೇಜಿನ ಮೇಲಿಡಿ. ಮೊದಲ ಸಲ ಕೈ ಎತ್ತಿದಾಗ ಕರೆಯಿರಿ, ಆಮೇಲೆ ಅಲ್ಲಿಂದ ಎಣಿಸಿ ಮೂರನೇ ಸಲ, ಮತ್ತೆ ಅಲ್ಲಿಂದ ಎಣಿಸಿ ಐದನೇ ಸಲ. ಸರಾಸರಿ ಮೂರು ಸಲಕ್ಕೆ ಒಮ್ಮೆ ಆಯಿತು, ಯಾವುದು ಎಂದು ಅವನು ಊಹಿಸಲಾರ. ನಡುವಿನ ಸಲಗಳಲ್ಲಿ ಬೇರೆ ಮಗುವನ್ನು ಕರೆಯಿರಿ, ಇವನ ಕಡೆ ಸಣ್ಣಗೆ ತಲೆಯಾಡಿಸಿದರೂ ನಡೆಯುತ್ತದೆ. ಒಂದು ವಾರ ಇದು ನಿಂತರೆ 4, 9, 6, 3, 8 ಎಂಬ ಚೀಟಿ, ಅಂದರೆ ಸರಾಸರಿ ಆರಕ್ಕೊಮ್ಮೆ.

ಚೀಟಿ ಏಕೆ ಎಂದು ಕೇಳಬಹುದು. ಚೀಟಿ ಇಲ್ಲದಿದ್ದರೆ ನಮ್ಮ ಕೈ ತಾನಾಗಿಯೇ ನಿಗದಿತ ಲೆಕ್ಕಕ್ಕೆ ಬಂದುಬಿಡುತ್ತದೆ. ಸರಿಯಾಗಿ ಮೂರಕ್ಕೊಮ್ಮೆ ಸಿಗುತ್ತದೆ ಎಂದಾದರೆ ಫಲ ಸಿಕ್ಕಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಾಗುವ ರೂಢಿ ಬೆಳೆಯುತ್ತದೆ. ಸಮಯಕ್ಕೆ ಕಟ್ಟಿದ ಲೆಕ್ಕವೂ ಅಷ್ಟೇ. ನೋಟ್‌ಬುಕ್ ಪರಿಶೀಲನೆ ವಾರದ ಕೊನೆಯ ದಿನ ಎಂದು ಗೊತ್ತಿದ್ದರೆ ಬರವಣಿಗೆಯೆಲ್ಲ ಅದರ ಹಿಂದಿನ ಸಂಜೆಯೇ ನಡೆಯುತ್ತದೆ.

ಬೇಗ ತೆಳುವಾಗಿಸಿದರೆ ಹುಡುಗನೇ ತಿಳಿಸುತ್ತಾನೆ. ಕೈ ಅರ್ಧಕ್ಕೇ ಏಳುತ್ತದೆ, ನಿಟ್ಟುಸಿರು ಬಿಡುತ್ತಾನೆ, ಒಂದೆರಡು ಕೂಗು ಮತ್ತೆ ಕೇಳಿಸುತ್ತದೆ. ಆಗ ಗದರಬೇಡಿ, ಹಿಂದಿನ ಚೀಟಿಗೆ ಮರಳಿ, ನಾಲ್ಕು ದಿನ ಅಲ್ಲೇ ಇರಿ.

ಎಲ್ಲಿ ಬಳಸಬಾರದು

ಇಲ್ಲಿ ನಾನು ಸ್ಟಿಕ್ಕರ್, ನಕ್ಷತ್ರ, ಚಾಕೊಲೇಟ್ ಯಾವುದನ್ನೂ ಸೇರಿಸಿಲ್ಲ. ಬೇಕೆಂದೇ ಬಿಟ್ಟಿದ್ದೇನೆ. ಆ ಹುಡುಗನಿಗೆ ಬೇಕಿದ್ದದ್ದು ತನ್ನ ಉತ್ತರವನ್ನು ಯಾರಾದರೂ ಕೇಳಬೇಕು ಎಂಬುದು, ಕೈ ಎತ್ತಿದಾಗ ಅದೇ ಸಿಗುತ್ತಿದೆ. ಹೊರಗಿನ ಬಹುಮಾನ ತಂದರೆ ಮುಂದೆ ಅದನ್ನು ತೆಗೆಯುವ ಕೆಲಸವೂ ನಮ್ಮದೇ.

ಮಗು ಈಗಾಗಲೇ ಖುಷಿಯಿಂದ ಮಾಡುತ್ತಿರುವುದಕ್ಕಂತೂ ಬಹುಮಾನ ಕಟ್ಟಲೇಬಾರದು. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ಕೆಚ್ ಪೆನ್ನಿನಿಂದ ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ "ಚಿತ್ರ ಬರೆದರೆ ಪ್ರಶಸ್ತಿ ಪತ್ರ" ಎಂದು ಮೊದಲೇ ಹೇಳಿ ಕೊಟ್ಟರು, ಇನ್ನೊಂದಕ್ಕೆ ಹೇಳದೆ ಕೊಟ್ಟರು, ಮೂರನೆಯದಕ್ಕೆ ಕೊಡಲಿಲ್ಲ. ಒಂದೆರಡು ವಾರಗಳ ಮೇಲೆ ಬಿಡುವಿನ ವೇಳೆಯಲ್ಲಿ ನೋಡಿದಾಗ, ಮೊದಲೇ ಆಸೆ ತೋರಿಸಿಕೊಂಡಿದ್ದ ಮಕ್ಕಳು ಚಿತ್ರ ಬಿಡಿಸಲು ಕಳೆದ ಸಮಯ ಉಳಿದವರದರ ಸುಮಾರು ಅರ್ಧದಷ್ಟೇ ಇತ್ತು. ಓದುವುದನ್ನು ಪ್ರೀತಿಸುವ ಹುಡುಗಿಗೆ ಪುಟಕ್ಕೊಂದು ನಕ್ಷತ್ರ ಕೊಟ್ಟರೆ ಅವಳು ಪುಟ ಎಣಿಸುವುದನ್ನು ಕಲಿತುಬಿಡಬಹುದು ಎಂಬುದು ನನ್ನ ನಿಜವಾದ ಭಯ.

ಇನ್ನೊಂದು ಎಚ್ಚರ. ವರ್ತನೆಯ ಹಿಂದೆ ಬೇರೆ ಕಾರಣ ಇರಬಹುದು. ಕಿವಿ ಸರಿಯಾಗಿ ಕೇಳದ ಮಗು ಜೋರಾಗಿ ಮಾತಾಡುತ್ತದೆ. ಪಾಠ ತೀರಾ ಸುಲಭವಾದ ಮಗು ಬೇಸರಕ್ಕೆ ಕೂಗುತ್ತದೆ. ಅಂಥ ಕಡೆ ಚೀಟಿಯ ಲೆಕ್ಕ ಕೂಗನ್ನು ಇಳಿಸಬಹುದು, ಕಾರಣ ಹಾಗೇ ಒಳಗೆ ಉಳಿಯುತ್ತದೆ. ಎಣಿಸಲು ಶುರುಮಾಡುವ ಮೊದಲೇ ಮನೆಯವರ ಜೊತೆ ಒಮ್ಮೆ ಮಾತಾಡಿ. ಒಟ್ಟಿಗೆ ಐದಾರು ಮಕ್ಕಳ ಮೇಲೆ ಐದಾರು ಲೆಕ್ಕ ಇಟ್ಟುಕೊಳ್ಳಲೂ ಬೇಡಿ, ಪಾಠ ಮಾಡುವುದೇ ಹಿಂದೆ ಬೀಳುತ್ತದೆ. ಒಂದು ಮಗು, ಒಂದು ವರ್ತನೆ ಸಾಕು.

ಸರಾಸರಿ ಆರಕ್ಕೊಮ್ಮೆಯ ಲೆಕ್ಕ ಎರಡು ವಾರ ನಿಂತ ಮೇಲೆ ಚೀಟಿ ತೆಗೆದುಹಾಕಿ, ಎಲ್ಲ ಮಕ್ಕಳಂತೆ ಅವನನ್ನೂ ಕರೆಯಿರಿ. ಒಂದು ತಿಂಗಳ ಬಳಿಕ ಮೂರು ದಿನ, ಅದೇ ಪೀರಿಯಡ್‌ನಲ್ಲಿ, ಅದೇ 30 ನಿಮಿಷ ಮತ್ತೆ ಗೀಟು ಹಾಕಿ. ಈ ಸಲ ಅವನ ಕೂಗಿನ ಜೊತೆಗೆ, ಅವನ ಅಕ್ಕಪಕ್ಕದ ಮಕ್ಕಳು ಎಷ್ಟು ಸಲ ಕೈ ಎತ್ತಿದರು ಎಂಬುದನ್ನೂ ಎಣಿಸಿ.