ಬೋರ್ ಫೇಲಾಯ್ತು ಅನ್ನೋ ಅಪ್ಪ, ನಾನು ಫೇಲಾದೆ ಅನ್ನೋ ಮಗ

ಚಳ್ಳಕೆರೆ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಮೇಷ್ಟ್ರು. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಮಕ್ಕಳಿಗೆ ಬೆಳಗಿನ ಪ್ರಾರ್ಥನೆ ಹೊತ್ತಿನಲ್ಲಿ ಏನು ಹೇಳಬೇಕು ಅನ್ನೋದನ್ನು ಸರಿಯಾಗಿ ಕಲಿಯೋಕೆ ನನಗೆ ನಾಲ್ಕು ವರ್ಷ ಬೇಕಾಯ್ತು. ಈಗ ಆ ಭಾಷಣ ಕೆಲಸ ಮಾಡ್ತಿದೆ. ಆಗ ‘ಮಕ್ಕಳಿಗೆ ಸದರ ಕೊಡ್ತಿದ್ದೀರಿ’ ಅಂತ ತಡೆದ ಸಹೋದ್ಯೋಗಿಗಳೇ ಈಗ ಅದನ್ನು ಕೇಳಿ ಬರೆಸಿಕೊಂಡು ಹೋಗ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಹೊರಗಿನಿಂದ ಒಬ್ಬ ಭಾಷಣಕಾರರನ್ನು ಕರೆಸಿದೆವು. ಅವರಿಗೆ ಮೂರೂವರೆ ಸಾವಿರ, ಮೈಕ್ ಸೆಟ್ಟಿಗೆ ಎಂಟುನೂರೋ ಒಂಬೈನೂರೋ. ಅರ್ಧ ದುಡ್ಡು ನನ್ನ ಜೇಬಿನದು. ಸೋತು ಗೆದ್ದ ದೊಡ್ಡವರ ಕಥೆಗಳನ್ನು ಅವರು ಒಂದು ಗಂಟೆ ಹೇಳಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಮಾರನೇ ದಿನ ಹತ್ತನೇ ತರಗತಿಯ ಹುಡುಗಿಯೊಬ್ಬಳು, ‘ಸರ್, ಅವರೆಲ್ಲ ಸೋತ್ರೂ ಗೆದ್ದರು. ನಾನು ಅಷ್ಟಕ್ಕೂ ಬರಲ್ಲ’ ಅಂದಳು. ಕಥೆ ಅವಳ ತಲೆಯನ್ನು ಇನ್ನಷ್ಟು ತಗ್ಗಿಸಿತ್ತು.

ಎರಡನೇ ವರ್ಷ ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಮಕ್ಕಳೇ ಮಾತಾಡಲಿ ಅಂತ, ಕಡಿಮೆ ಅಂಕ ಬಂದ ಮೂವರನ್ನು ಮುಂದೆ ಕರೆದು ಅನುಭವ ಹೇಳಿ ಅಂದೆ. ಒಬ್ಬ ಹುಡುಗ ಕಾಲ ಹೆಬ್ಬೆರಳಿನಿಂದ ಮಣ್ಣು ಕೆರೆಯುತ್ತ ನಿಂತ, ಬಾಯಿ ಬಿಡಲಿಲ್ಲ. ಹುಡುಗಿಯೊಬ್ಬಳು ನಾಲ್ಕು ದಿನ ಶಾಲೆಗೇ ಬರಲಿಲ್ಲ. ಅವಳ ಮನೆಗೆ ಹೋಗಿ ಕ್ಷಮೆ ಕೇಳಿ ಕರೆದುಕೊಂಡು ಬಂದೆ. ನೋಯುವುದು ಅಂಕದಿಂದ ಮಾತ್ರ ಅಲ್ಲ, ಅಂಕವನ್ನು ಬೇರೆಯವರು ನೋಡಿದ್ದರಿಂದ. ಅದು ನನಗೆ ಅವತ್ತು ಗೊತ್ತಾಯ್ತು. ಈ ಕೆಲಸ ಯಾರೂ ಮಾಡಬೇಡಿ. ಅಂಕಗಳನ್ನು ಗಟ್ಟಿಯಾಗಿ ಓದಿ ಉತ್ತರ ಪತ್ರಿಕೆ ಕೊಡುವುದನ್ನೂ ಆಗಲೇ ಬಿಟ್ಟೆ. ಮಡಿಸಿ ಕೈಗೆ ಕೊಡ್ತೇನೆ.

ಆಮೇಲೆ ಮಾತಿನದೇ ಒಂದು ತೊಡಕು ಬಂತು. ‘ನಾಚಿಕೆ’ ಅಂದರೆ ಏಳನೇ ಎಂಟನೇ ತರಗತಿಯವರು ಕಿಸಕ್ಕನೆ ನಗ್ತಾರೆ. ಅವರಿಗೆ ಅದು ಮದುವೆ ಹೆಣ್ಣಿನ ನಾಚಿಕೆ. ‘ಅವಮಾನ’ ಅಂದರೆ ಯಾರು ಮಾಡಿದರು ಅಂತ ಹುಡುಕ್ತಾರೆ. ಕೊನೆಗೆ ನಮ್ಮ ಮನೆಗಳಲ್ಲಿ ದಿನಾ ಕೇಳೋ ಮಾತೇ ಕೈಗೆ ಬಂತು: ‘ಮುಖ ತೋರಿಸೋಕಾಗ್ತಿಲ್ಲ’. ಅದನ್ನು ಮೈಕಿನಲ್ಲಿ ಹೇಳಿದಾಗ ಹಿಂದಿನ ಸಾಲೂ ತಲೆ ಎತ್ತಿತು. ‘ನಾಚಿಕೆ ಆಗಲ್ವಾ ನಿಂಗೆ?’ ಅಂತ ಬೈಯೋದು ನಾವೇ ಮೇಷ್ಟ್ರುಗಳಲ್ವಾ? ಆ ಪ್ರಶ್ನೆ ಲೆಕ್ಕದ ಬಗ್ಗೆ ಅಲ್ಲ, ಹುಡುಗನ ಬಗ್ಗೆ. ಹೆಲೆನ್ ಬ್ಲಾಕ್ ಲೂಯಿಸ್ ಎಂಬ ಅಮೆರಿಕದ ಮನೋವಿಜ್ಞಾನಿ 1971ರಲ್ಲೇ ಈ ಗೆರೆ ಎಳೆದಿದ್ದರು. ‘ಮಾಡಿದ ಕೆಲಸ ತಪ್ಪಾಯ್ತು’ ಅನ್ನಿಸಿದರೆ ಮನುಷ್ಯ ಸರಿಮಾಡೋಕೆ ಹೋಗ್ತಾನೆ. ‘ನಾನೇ ಸರಿ ಇಲ್ಲ’ ಅನ್ನಿಸಿದರೆ ಬಚ್ಚಿಟ್ಟುಕೊಳ್ತಾನೆ.

ಭಾಷಣದ ತಿರುಳು ಸಿಕ್ಕಿದ್ದು ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ. ನಮ್ಮ ಹುಡುಗನೊಬ್ಬನ ಅಪ್ಪ ನಾಲ್ಕು ಜನರ ಮುಂದೆ, ‘ಆರುನೂರು ಅಡಿ ಹೋದ್ರೂ ಬರೀ ಧೂಳು. ಬೋರ್ ಫೇಲಾಯ್ತು’ ಅಂತ ಹೇಳ್ತಿದ್ದರು. ಸಾಲ ಮಾಡಿ ಕೊರೆಸಿದ ಬೋರು. ನೋವು ಇತ್ತು, ಆದರೆ ತಲೆ ತಗ್ಗಿರಲಿಲ್ಲ. ಪಾಯಿಂಟ್ ಎಲ್ಲಿ ಹಾಕಿದ್ರು, ಎಷ್ಟು ಅಡಿಗೆ ಕಲ್ಲು ಸಿಕ್ತು ಅಂತ ಉಳಿದವರು ಕೇಳಿದರು. ಅವರ ಮಗ ಮಾತ್ರ ಗಣಿತದಲ್ಲಿ 80ಕ್ಕೆ 14 ಬಂದಿದ್ದನ್ನು ಮನೆಯಲ್ಲಿ ಮುಚ್ಚಿಟ್ಟು, ಪ್ರಗತಿ ಪತ್ರದಲ್ಲಿ ಅಪ್ಪನ ಸಹಿ ತಾನೇ ಹಾಕಿದ್ದ. ಅಪ್ಪ ‘ಬೋರ್ ಫೇಲಾಯ್ತು’ ಅಂತಾರೆ. ಮಗ ‘ನಾನು ಫೇಲಾದೆ’ ಅಂತಾನೆ. ಇಬ್ಬರ ಮಾತಿನ ನಡುವೆ ಇರುವ ಆ ಅಂತರವೇ ನನ್ನ ಭಾಷಣ.

ಈಗ ಹೀಗೆ ಮಾಡ್ತೇನೆ. ಫಲಿತಾಂಶ ಕೊಟ್ಟ ದಿನ ಬಾಯಿ ಬಿಡಲ್ಲ. ಅವತ್ತು ಯಾರ ಕಿವಿಗೂ ಏನೂ ಇಳಿಯಲ್ಲ. ಮೂರನೇ ಅಥವಾ ನಾಲ್ಕನೇ ದಿನ, ಪ್ರಾರ್ಥನೆಯಲ್ಲಿ ದಿನಪತ್ರಿಕೆ ಓದಿದ ಮೇಲೆ ಆರು ನಿಮಿಷ. ಬಿಸಿಲಿದ್ದರೆ ಎಲ್ಲರನ್ನೂ ಕೂರಿಸ್ತೇನೆ. ನಿಂತ ಮಕ್ಕಳು ಅಕ್ಕಪಕ್ಕದವರ ಮುಖ ನೋಡ್ತಾರೆ, ಕೂತವರು ಕಡಿಮೆ ನೋಡ್ತಾರೆ. ಮೊದಲು ಬೋರಿನ ಮಾತು, ಹೆಸರಿಲ್ಲದೆ, ಆ ಅಪ್ಪನ ಒಪ್ಪಿಗೆ ಪಡೆದು. ಆಮೇಲೆ ನನ್ನದು:

‘ಪಿಯುಸಿಯಲ್ಲಿ ನನಗೆ ಭೌತಶಾಸ್ತ್ರದಲ್ಲಿ 19 ಬಂತು. ನೋಟಿಸ್ ಬೋರ್ಡ್ ಮುಂದೆ ಕಿವಿ ಬಿಸಿ ಆಯ್ತು, ಹೊಟ್ಟೆ ಹಿಂಡಿತು. ಊರಿನ ಬಸ್ಸಿನಲ್ಲಿ ಗುರುತಿನವರು ಇರ್ತಾರೆ ಅಂತ ಬಸ್ಸೇ ಬಿಟ್ಟೆ. ಶೇಂಗಾ ಹೊಲದ ಬದುವಿನ ಮೇಲೆ ನಡೆದು ಕತ್ತಲಾದ ಮೇಲೆ ಮನೆ ಸೇರಿದೆ. ಫಲಿತಾಂಶ ಬಂದಿಲ್ಲ ಅಂತ ಮೂರು ದಿನ ಸುಳ್ಳು ಹೇಳಿದೆ. ನಾಲ್ಕನೇ ದಿನ ಅಕ್ಕನಿಗೆ ಹೇಳಿದೆ. ಅವಳು ‘ಯಾವ ಪಾಠ ಬರಲಿಲ್ಲ?’ ಅಂತ ಮಾತ್ರ ಕೇಳಿದಳು.’

ಇಲ್ಲಿಗೆ ನಿಲ್ಲಿಸ್ತೇನೆ. ಆಮೇಲೆ ಪಾಸಾದೆ, ಮೇಷ್ಟ್ರಾದೆ ಅಂತ ಹೇಳಲ್ಲ. ಒಮ್ಮೆ ಹೇಳಿ ನೋಡಿದ್ದೆ, ಮಕ್ಕಳು ಸಾಧಕರ ಕಥೆ ಕೇಳೋ ಮುಖ ಮಾಡಿದರು. ಕಿವಿ ಬಿಸಿಯಾದದ್ದು, ಬಸ್ಸು ಬಿಟ್ಟದ್ದು, ಸುಳ್ಳು ಹೇಳಿದ್ದು, ಇವುಗಳಲ್ಲಿ ಅವರು ತಮ್ಮನ್ನು ಗುರುತಿಸ್ತಾರೆ. ಕೊನೆಗೆ ಎರಡು ವಾಕ್ಯ ಹೇಳಿಸ್ತೇನೆ, ಬಾಯಿಬಿಟ್ಟಲ್ಲ, ಮನಸ್ಸಿನಲ್ಲಿ: ‘ಈ ಪರೀಕ್ಷೆಯಲ್ಲಿ ಇಷ್ಟು ಬಂತು. ಬರದಿದ್ದದ್ದು ಈ ಪಾಠ.’

ಭಾಷಣ ಮುಗಿದ ಮೇಲೆ ಮಕ್ಕಳಿಗೆ ನನ್ನ ಹತ್ತಿರ ಬರೋಕೆ ಒಂದು ನೆಪ ಬೇಕು, ಬೇರೆಯವರಿಗೆ ಅನುಮಾನ ಬರಬಾರದು. ಆ ನೆಪ ಏನು ಅಂತ ಇಲ್ಲಿ ಬರೆಯಲ್ಲ. ನಮ್ಮ ಮಕ್ಕಳೂ ಇದನ್ನು ಓದಬಹುದು. ಚೀಟಿ ಡಬ್ಬವನ್ನೂ ಇಟ್ಟು ನೋಡಿದ್ದೆ. ಇನ್ನೂರ ಐವತ್ತು ರೂಪಾಯಿ ಡಬ್ಬಿಗೆ, ಬೀಗಕ್ಕೆ ಬೇರೆ. ಬಿದ್ದ ಚೀಟಿಗಳಲ್ಲಿ ಮುಕ್ಕಾಲು ಪಾಲು ಬಿಸಿಯೂಟದ ಸಾಂಬಾರಿನ ದೂರು. ಅದೂ ಉಪಯೋಗಕ್ಕೆ ಬಂತು, ಸಾಂಬಾರು ಸುಧಾರಿಸಿತು.

ಸುಮಾರು 180 ಮಕ್ಕಳಲ್ಲಿ ಮೊದಲ ಸಲ ಮೂವರು ಬಂದರು. ಕಳೆದ ಮಧ್ಯವಾರ್ಷಿಕ ಪರೀಕ್ಷೆಯ ನಂತರ ಹನ್ನೊಂದೋ ಹನ್ನೆರಡೋ. ಸಹಿ ಹಾಕಿದ ಹುಡುಗನೂ ಬಂದ. ‘ನಾನು ದಡ್ಡ ಸರ್’ ಅಂತಲೇ ಶುರು ಮಾಡಿದ. ಉತ್ತರ ಪತ್ರಿಕೆ ಬಿಡಿಸಿ ಕೂತೆವು. ರೇಖಾಗಣಿತದ ಒಂದು ಪ್ರಶ್ನೆಯನ್ನೂ ಮುಟ್ಟಿರಲಿಲ್ಲ. ಅಲ್ಲೇ ಇಪ್ಪತ್ತರ ಹತ್ತಿರ ಅಂಕ ಹೋಗಿತ್ತು. ‘ದಡ್ಡ’ ಅನ್ನೋದಕ್ಕೆ ನನ್ನ ಹತ್ತಿರ ಪಾಠ ಇಲ್ಲ. ಪ್ರಮೇಯಕ್ಕೆ ಇದೆ. ಗಣಿತದ ಮೇಡಂ ಹತ್ತಿರ ಸಂಜೆ ಇಪ್ಪತ್ತು ನಿಮಿಷದಂತೆ ಮೂರು ವಾರ ಕೂರಿಸಿದೆ. ಮುಂದಿನ ಪರೀಕ್ಷೆಯಲ್ಲಿ 29. ಸಹಿಯ ವಿಷಯವನ್ನು ಅಪ್ಪನಿಗೆ ಅವನೇ ಹೇಳಿದ, ನಾನು ಪಕ್ಕದಲ್ಲಿ ನಿಂತಿದ್ದೆ ಅಷ್ಟೆ.

ಭಾಷಣಕ್ಕೆ ಆಗದ್ದೂ ಇದೆ. ಅಂಕ ನೋಡಿ ಮನೆಯಲ್ಲಿ ಹೊಡೆಯುತ್ತಾರೆ ಅಂದರೆ ಮೈಕ್ ಸಾಕಾಗಲ್ಲ, ಮನೆಗೇ ಹೋಗಬೇಕು. ‘ಬದುಕೋದೇ ಬೇಡ’ ಅನ್ನೋ ಮಾತು ಬಂದರೆ ಮಗುವನ್ನು ಒಂಟಿ ಬಿಡಲ್ಲ. ಅಲ್ಲೇ ಕೂರಿಸಿಕೊಂಡು ಮನೆಯವರನ್ನು ಕರೆಸ್ತೇನೆ, 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, ಫೋನ್ ಹಚ್ಚುತ್ತೇನೆ. ಒಮ್ಮೆ ಹಚ್ಚಿದ್ದೇನೆ.

ಹೆಚ್‌ಎಂ ಸರ್ ಮೊದಲು ಆರು ನಿಮಿಷ ಕೊಡೋಕೂ ಒಪ್ಪಿರಲಿಲ್ಲ. ಈ ವರ್ಷ ಎಸ್ಸೆಸ್ಸೆಲ್ಸಿ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ವಾರ ಅವರೇ ಕೇಳಿದರು, ‘ಗುರುಗಳೇ, ಈ ಸಲ ನನ್ನ ಕಥೆ ಹೇಳ್ಲಾ?’ ಬುಧವಾರ ಬೆಳಿಗ್ಗೆ ಅವರ ಸರದಿ.